ಒಂದು ವರ್ಷ ಕುಡಿಯದ ದಿನದ ಕ್ಯಾಪ್ಷನ್: ಏನು ಬರೀಬೇಕು, ಏನು ಬಿಡಬೇಕು?

ಕುಡಿತ ಬಿಟ್ಟವರ ಜೊತೆ ಆಪ್ತಸಮಾಲೋಚಕನಾಗಿ ಕೆಲಸ ಮಾಡುವ ನನ್ನ ಹತ್ತಿರ ಕೆಲವರು ಮೊಬೈಲ್ ಹಿಡಿದುಕೊಂಡೇ ಬರುತ್ತಾರೆ. "ನಾಳೆ ಒಂದು ವರ್ಷ ಆಗುತ್ತೆ ಸರ್, ಪೋಸ್ಟ್ ಹಾಕಬೇಕು, ಸ್ವಲ್ಪ ನೋಡಿ" ಅನ್ನುತ್ತಾರೆ. ಹಾಗೆ ಬಂದ ಒಬ್ಬರ ಕ್ಯಾಪ್ಷನ್ನಿನ ಕಥೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ಅವರು ಮೊದಲು ಬರೆದದ್ದು ಹೀಗಿತ್ತು: "ಇವತ್ತಿಗೆ ಕುಡಿತ ಬಿಟ್ಟು ಒಂದು ವರ್ಷ! ಹನ್ನೆರಡು ವರ್ಷ ಕುಡಿದೆ. ಮಗಳ ಹುಟ್ಟುಹಬ್ಬದ ದಿನ ಮನೆ ಬಾಗಿಲಲ್ಲೇ ಬಿದ್ದಿದ್ದೆ. ಹೆಂಡತಿ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದಳು. ಅವತ್ತೇ ಮನಸ್ಸು ಗಟ್ಟಿ ಮಾಡಿದೆ, ಒಂದೇ ದಿನಕ್ಕೆ ಬಿಟ್ಟೆ. ಜೊತೆಗೆ ನಿಂತ ಹೆಂಡತಿಗೆ, ನನ್ನ ಎಎ ಗೆಳೆಯರಿಗೆ ಧನ್ಯವಾದ." ಕೆಳಗೆ ಸ್ಪಾನ್ಸರ್, ಅಂದರೆ ಗುಂಪಿನಲ್ಲಿ ತಮಗೆ ದಾರಿ ತೋರಿಸುವ ಹಳೇ ಸದಸ್ಯರ, ಹೆಸರನ್ನು ಟ್ಯಾಗ್ ಮಾಡಿದ್ದರು. ಫೋಟೋದಲ್ಲಿ ಅಂಗೈ ಮೇಲೆ ಗುಂಪಿನವರು ಕೊಟ್ಟ ಪದಕ, ಹಿಂದೆ ಮೀಟಿಂಗ್ ಕೋಣೆಯ ಕುರ್ಚಿಗಳು. ಒಂದು ಕುರ್ಚಿಯಲ್ಲಿ ಯಾರದೋ ಅರ್ಧ ಮುಖ.

ಸುಲಭದ್ದನ್ನು ಮೊದಲು ಮುಗಿಸಿದೆವು. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ, 1935ರಲ್ಲಿ ಶುರುವಾಯಿತು. 1950ರಲ್ಲಿ ಅದು ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳಲ್ಲಿ ಹನ್ನೊಂದನೆಯದು ಪತ್ರಿಕೆ, ರೇಡಿಯೋ, ಸಿನಿಮಾಗಳಲ್ಲಿ ಸದಸ್ಯರು ಅನಾಮಿಕರಾಗಿರಬೇಕು ಅನ್ನುತ್ತದೆ. ಎಲ್ಲರಿಗೂ ಕಾಣುವ ಪೋಸ್ಟ್ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ. "ನಾನು ಕುಡಿತ ಬಿಟ್ಟಿದ್ದೇನೆ" ಅಂತ ನಿಮ್ಮ ಹೆಸರು, ಮುಖದ ಜೊತೆ ಧಾರಾಳವಾಗಿ ಹೇಳಬಹುದು. ಆ ಹೆಸರು, ಮುಖದ ಪಕ್ಕ "ನಾನು ಎಎ ಸದಸ್ಯ" ಅಂತ ಸೇರಿಸಬಾರದು, ಅಷ್ಟೇ. ಟ್ಯಾಗ್ ಮಾಡಿದರೆ ಸ್ಪಾನ್ಸರ್ ಕೂಡ ಕುಡಿತದಿಂದ ಹೊರಬಂದವರು ಅನ್ನೋದು ಅವರ ಆಫೀಸಿಗೆಲ್ಲ ಗೊತ್ತಾಗುತ್ತದೆ. ಅದನ್ನು ಹೇಳುವುದು, ಬಿಡುವುದು ಅವರ ಇಷ್ಟ. ಟ್ಯಾಗ್ ತೆಗೆದರು, ಫೋಟೋವನ್ನೂ ತೆಗೆದರು.

ಮಗಳ ಸಾಲಿನ ಹತ್ತಿರ ಸ್ವಲ್ಪ ಹೊತ್ತು ಕೂತೆವು. "ಅದೇ ಸರ್ ನಿಜ, ಅದನ್ನು ಬಿಟ್ಟರೆ ಸುಳ್ಳಾಗಲ್ವಾ?" ಅಂತ ಕೇಳಿದರು. ಬಾಗಿಲಲ್ಲಿ ಬಿದ್ದದ್ದು ಅವರು. ಆದರೆ ಆ ಹುಟ್ಟುಹಬ್ಬ ಮಗಳದು. ಅವಳಿಗೆ ಈಗ ಹನ್ನೊಂದು. ಅವಳ ಸಹಪಾಠಿಗಳ ತಂದೆತಾಯಿಯರು ಇವರ ಗೆಳೆಯರ ಪಟ್ಟಿಯಲ್ಲಿದ್ದಾರೆ. ಮಗುವನ್ನು ಕೇಳಿದರೆ "ಹಾಕಿ ಅಪ್ಪ" ಅನ್ನಬಹುದು, ಆದರೆ ಆ ವಯಸ್ಸಿನಲ್ಲಿ ಅದನ್ನು ಒಪ್ಪಿಗೆ ಅಂತ ನಾನು ಎಣಿಸುವುದಿಲ್ಲ. ಇವರು ಆಮೇಲೆ ಪೋಸ್ಟ್ ಅಳಿಸಿದರೂ ಯಾರಾದರೂ ತೆಗೆದಿಟ್ಟ ಸ್ಕ್ರೀನ್‌ಶಾಟ್ ಉಳಿಯುತ್ತದೆ. ಆ ದಿನದ ಬಗ್ಗೆ ಮಾತಾಡಬೇಕಾದದ್ದು ಮಗಳ ಹತ್ತಿರ, ಮನೆಯಲ್ಲಿ. ಆ ಸಾಲು ಹೋಯಿತು.

ಇಷ್ಟರ ತನಕ ನಾನು ಬಿಡಿ, ಬಿಡಿ ಅಂತಲೇ ಹೇಳುತ್ತಿದ್ದೆ. "ಒಂದೇ ದಿನಕ್ಕೆ ಬಿಟ್ಟೆ" ಅನ್ನುವ ಸಾಲಿಗೆ ಬಂದಾಗ ಮಾತ್ರ, ಇಲ್ಲಿ ಜಾಸ್ತಿ ಹೇಳಬೇಕು ಅಂದೆ. ಅವರು ಒಂದು ವಾರ ಆಸ್ಪತ್ರೆಯಲ್ಲಿದ್ದರು. ಎರಡನೇ ರಾತ್ರಿ ಕೈ ನಡುಕ ಎಷ್ಟಿತ್ತೆಂದರೆ ನೀರಿನ ಲೋಟ ಹಿಡಿಯೋಕೆ ಆಗಿರಲಿಲ್ಲ. ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸಿದ್ದರು. ಬಹಳ ವರ್ಷದಿಂದ ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವ ಹೊತ್ತಿಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಎಲ್ಲಿದ್ದೇನೆ ಅನ್ನೋದೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಇವರ ಪೋಸ್ಟ್ ಓದಿದ ಹಳೇ ಗೆಳೆಯನೊಬ್ಬ "ಅವನೇ ಮನಸ್ಸು ಮಾಡಿ ಬಿಟ್ಟಿದ್ದಾನೆ, ನಾನೂ ನಾಳೆಯಿಂದ" ಅಂತ ಒಬ್ಬನೇ ಕೋಣೆಯಲ್ಲಿ ಕೂತರೆ?

ಹಾಗಾಗಿ ನಾನು ಗೆರೆ ಎಳೆಯುವುದು ಇಲ್ಲಿ. ಹೇಳದೆ ಬಿಟ್ಟದ್ದು ಸುಳ್ಳಲ್ಲ. ಆದರೆ ಬಿಟ್ಟದ್ದರಿಂದ ಓದುವವರಿಗೆ ತಪ್ಪು ದಾರಿ ಕಾಣುವ ಹಾಗಿದ್ದರೆ ಅದನ್ನು ಹೇಳಲೇಬೇಕು. ಯಾವ ಆಸ್ಪತ್ರೆ, ಎಷ್ಟು ದಿನ, ಯಾವ ಮಾತ್ರೆ ಅಂತ ಬೇಡ. "ಡಾಕ್ಟರ್ ಸಹಾಯದಿಂದ" ಅನ್ನುವ ಎರಡೇ ಪದ ಸಾಕು.

ಕೊನೆಗೆ ಉಳಿದದ್ದು "ಒಂದು ವರ್ಷ". ಅದನ್ನು ನಾನು ಕೇಳುವ ಮೊದಲೇ ಅವರು ತಲೆ ತಗ್ಗಿಸಿದ್ದರು. ನಾಲ್ಕನೇ ತಿಂಗಳಲ್ಲಿ ಒಂದು ಸ್ಲಿಪ್ ಆಗಿತ್ತು. ಎರಡು ದಿನ ಕುಡಿದಿದ್ದರು, ಮೂರನೇ ದಿನ ತಾವೇ ಫೋನ್ ಮಾಡಿದ್ದರು. ನನಗೆ ಗೊತ್ತು, ಹೆಂಡತಿಗೆ ಗೊತ್ತು. ಗುಂಪಿನಲ್ಲಿ ದಿನ ಎಣಿಸುವುದು ಕೊನೆಯ ಕುಡಿತದ ನಂತರದಿಂದ. ಆ ಲೆಕ್ಕದಲ್ಲಿ ಅವರಿಗೆ ಆಗಿರುವುದು ಎಂಟು ತಿಂಗಳು ಚಿಲ್ಲರೆ. ಎರಡು ದಿನ ತಾನೇ, ಯಾರಿಗೆ ಗೊತ್ತಾಗುತ್ತೆ ಅನ್ನಬಹುದು. ಆದರೆ ಹೊಗಳಿಕೆಯ ಕಮೆಂಟ್ ಒಂದೊಂದಾಗಿ ಬರುವಾಗ ಒಳಗೆ "ಇದು ನನ್ನದಲ್ಲ" ಅನ್ನಿಸುತ್ತದೆ. ಆ ಗುಟ್ಟು ಕಾಯುತ್ತ ಕೂತವರು ಮುಂದಿನ ಸಲ ಜಾರಿದಾಗ ಮೂರನೇ ದಿನ ಫೋನ್ ಮಾಡುವುದಿಲ್ಲ. ಇದನ್ನು ನಾನು ಬೇರೆಯವರಲ್ಲಿ ಕಂಡಿದ್ದೇನೆ. ಹಾಗಂತ ಸ್ಲಿಪ್ ವಿಷಯವನ್ನು ಆಫೀಸಿನವರೆಲ್ಲ ಓದುವ ಜಾಗದಲ್ಲಿ ಬರೆಯಲೇಬೇಕು ಅಂತೇನೂ ಇಲ್ಲ.

ಸಂಖ್ಯೆಯನ್ನು ಇಟ್ಟುಕೊಂಡು, ಅದು ಏನನ್ನು ಎಣಿಸುತ್ತದೆ ಅನ್ನೋದನ್ನು ಬದಲಿಸಿದೆವು. ಒಂದು ವರ್ಷದ ಹಿಂದೆ ಆ ದಿನ ಅವರು ಸಹಾಯ ಕೇಳಿದ್ದು ನಿಜ. ಇವತ್ತು ಕುಡಿದಿಲ್ಲ ಅನ್ನೋದೂ ನಿಜ. ನಡುವಿನದು ಗೊತ್ತಿರಬೇಕಾದವರಿಗೆ ಗೊತ್ತಿದೆ. ಯಾರಾದರೂ "ವರ್ಷ ಪೂರ್ತಿ ಮುಟ್ಟೇ ಇಲ್ವಾ?" ಅಂತ ಕೇಳಿದರೆ ಕೊಡಲು ಒಂದು ಉತ್ತರವನ್ನೂ ಮೊದಲೇ ಬರೆದಿಟ್ಟೆವು: "ಸಲೀಸಾಗೇನೂ ಇರಲಿಲ್ಲ, ದಿನಾ ಎಣಿಸ್ತಾ ಇದ್ದೀನಿ." ಅದಕ್ಕಿಂತ ಮುಂದಕ್ಕೆ ಕೆದಕಿದವರಿಗೆ ಉತ್ತರ ಕೊಡಬೇಕಾಗಿಲ್ಲ. "ಈಗ ಒಂದು ಪೆಗ್ ಏನಾಗಲ್ಲ ಬಿಡು" ಅನ್ನುವವರೂ ಬರುತ್ತಾರೆ. ಅದಕ್ಕೇ ರಾತ್ರಿ ಒಬ್ಬರೇ ಇರುವಾಗ ಪೋಸ್ಟ್ ಹಾಕಬೇಡಿ, ಬೆಳಿಗ್ಗೆ, ಪಕ್ಕದಲ್ಲಿ ಯಾರಾದರೂ ಇರುವಾಗ ಹಾಕಿ ಅಂದೆ.

ಹೊಸ ಕ್ಯಾಪ್ಷನ್ ಹೀಗಾಯಿತು: "ಒಂದು ವರ್ಷದ ಹಿಂದೆ ಇದೇ ದಿನ, ಕುಡಿತ ಬಿಡೋಕೆ ಸಹಾಯ ಕೇಳಿದೆ. ಡಾಕ್ಟರ್ ಸಹಾಯದಿಂದ, ಕೆಲವು ಒಳ್ಳೆಯವರ ಜೊತೆಯಿಂದ ದಾರಿ ಸಿಕ್ಕಿತು. ಇವತ್ತು ಕುಡಿದಿಲ್ಲ. ಜೊತೆಗೆ ನಿಂತ ಹೆಂಡತಿಗೆ ಧನ್ಯವಾದ."

ಹಾಕುವ ಮೊದಲು ಮನೆಯಲ್ಲಿ ತೋರಿಸಿ ಅಂತ ಕಳಿಸಿದೆ. ಮುಂದಿನ ವಾರ ಇಬ್ಬರೂ ಬಂದರು. ಅವರ ಹೆಂಡತಿ ಕೊನೆಯ ಸಾಲನ್ನು ತೆಗೆಸಿದ್ದರು. "ನಾನು ಜೊತೆಗೆ ನಿಂತಿರಲಿಲ್ಲ ಸರ್, ಬಿಟ್ಟು ಹೋಗಿದ್ದೆ. ಹೋಗಿದ್ದು ಸರಿಯಾಗೇ ಇತ್ತು. ಅದನ್ನೂ ಬರೀಬೇಡಿ, ಇದನ್ನೂ ಬರೀಬೇಡಿ ಅಂದೆ" ಅಂದರು. ಪೋಸ್ಟ್ "ಇವತ್ತು ಕುಡಿದಿಲ್ಲ" ಅನ್ನುವಲ್ಲಿಗೆ ನಿಂತಿತ್ತು.