ಒಂದೇ ಮೂಳೆ ವಯಸ್ಸು, ಮೂರು ಕೋಷ್ಟಕ: ಎತ್ತರದ ಅಂದಾಜು ಎಲ್ಲಿ ಜಾರುತ್ತದೆ

ಇಬ್ಬರು ಹುಡುಗರನ್ನು ತೆಗೆದುಕೊಳ್ಳೋಣ. ಇಬ್ಬರೂ ಈಗ 140 ಸೆಂ.ಮೀ. ಎತ್ತರ, ಇಬ್ಬರ ಕೈಯ ಎಕ್ಸ್‌ರೇಯಲ್ಲೂ ಮೂಳೆ ವಯಸ್ಸು, ಅಂದರೆ ಮೂಳೆ ಎಷ್ಟು ಬಲಿತಿದೆ ಎಂದು ಹೇಳುವ ವಯಸ್ಸು, ಸರಿಯಾಗಿ 11 ವರ್ಷ. ಒಬ್ಬನಿಗೆ 11 ವರ್ಷ 11 ತಿಂಗಳು, ಇನ್ನೊಬ್ಬನಿಗೆ 12 ವರ್ಷ 1 ತಿಂಗಳು. ಮೂಳೆ ವಯಸ್ಸಿನಿಂದ ಅಂತಿಮ ಎತ್ತರ ಅಂದಾಜಿಸುವ ಬೇಲಿ-ಪಿನ್ನೋ ಕೋಷ್ಟಕದ ಪ್ರಕಾರ ಮೊದಲನೆಯವನು 174 ಸೆಂ.ಮೀ. ಬೆಳೆಯುತ್ತಾನೆ, ಎರಡನೆಯವನು 170 ಮುಟ್ಟಿ ನಿಲ್ಲುತ್ತಾನೆ. ಎರಡೇ ತಿಂಗಳ ಅಂತರಕ್ಕೆ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಲೆಕ್ಕ ಹಾಕಿದವರ ತಪ್ಪಲ್ಲ ಇದು. ಕೋಷ್ಟಕ ಹೇಗೆ ಹುಟ್ಟಿತು ಎಂಬುದರಲ್ಲೇ ಇದರ ಕಾರಣವಿದೆ.

ನ್ಯಾನ್ಸಿ ಬೇಲಿ ವೈದ್ಯೆಯಲ್ಲ, ಮನೋವಿಜ್ಞಾನಿ. 1928ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಬರ್ಕ್ಲಿ ಬೆಳವಣಿಗೆ ಅಧ್ಯಯನದಲ್ಲಿ ಆಕೆ ಮಕ್ಕಳನ್ನು ಹಸುಗೂಸಾಗಿದ್ದಾಗಿನಿಂದ ವರ್ಷ ವರ್ಷವೂ ಅಳೆಯುತ್ತ ಬಂದರು. ಆ ಮಕ್ಕಳು ದೊಡ್ಡವರಾದ ಮೇಲೆ, ಪ್ರತಿಯೊಬ್ಬರ ಹಿಂದಿನ ಎತ್ತರ ಅವರ ಅಂತಿಮ ಎತ್ತರದ ಶೇಕಡಾ ಎಷ್ಟಿತ್ತು ಎಂದು ಲೆಕ್ಕ ಹಾಕಲು ಸಾಧ್ಯವಾಯಿತು. ಹರೆಯದ ಹೊತ್ತಿಗೆ ಈ ಶೇಕಡಾವಾರು ಹುಟ್ಟಿದ ದಿನಾಂಕದ ವಯಸ್ಸಿಗಿಂತ ಮೂಳೆಯ ಪಕ್ವತೆಯ ಜೊತೆ ಹೆಚ್ಚು ಬಿಗಿಯಾಗಿ ಹೊಂದುತ್ತದೆ ಎಂಬುದು 1943ರ ಆಕೆಯ ಪ್ರಬಂಧದ ತಿರುಳು. 1946ರಲ್ಲಿ ಅದನ್ನೇ ಎತ್ತರ ಹೇಳುವ ಕೋಷ್ಟಕವಾಗಿ ಪ್ರಕಟಿಸಿದರು. ಆಗ ಮೂಳೆ ವಯಸ್ಸು ಓದಲು ಬಳಸುತ್ತಿದ್ದುದು ಟಾಡ್ ಅವರ 1937ರ ಎಕ್ಸ್‌ರೇ ಅಟ್ಲಾಸ್. 1950ರಲ್ಲಿ ಗ್ರೂಲಿಚ್ ಮತ್ತು ಪೈಲ್ ಅವರ ಹೊಸ ಅಟ್ಲಾಸ್ ಬಂದಾಗ ಕೋಷ್ಟಕವನ್ನೂ ಅದಕ್ಕೆ ಹೊಂದಿಸಬೇಕಾಯಿತು. ಆ ಕೆಲಸವನ್ನು ಬೇಲಿ ಅವರು ಸ್ಯಾಮ್ಯುಯೆಲ್ ಪಿನ್ನೋ ಜೊತೆ 1952ರಲ್ಲಿ ಮುಗಿಸಿದರು. ಮಕ್ಕಳ ಹಾರ್ಮೋನ್ ತಜ್ಞರು ಇಂದಿಗೂ ತೆರೆಯುವುದು ಆ 1952ರ ಆವೃತ್ತಿಯನ್ನೇ.

ವಿಧಾನ ಸರಳ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಅಟ್ಲಾಸ್‌ನಲ್ಲಿ ಯಾವ ಚಿತ್ರಕ್ಕೆ ಹತ್ತಿರವಿದೆಯೋ ಆ ಮೂಳೆ ವಯಸ್ಸನ್ನು ಬರೆದುಕೊಳ್ಳುತ್ತಾರೆ. ಅದೇ ದಿನ ಬರಿಗಾಲಿನಲ್ಲಿ, ಗೋಡೆಗೆ ಕೂರಿಸಿದ ಅಳತೆಪಟ್ಟಿಯಲ್ಲಿ ಎತ್ತರ ನೋಡುತ್ತಾರೆ. ಆ ಮೂಳೆ ವಯಸ್ಸಿನಲ್ಲಿ ಅಂತಿಮ ಎತ್ತರದ ಶೇಕಡಾ ಎಷ್ಟು ಮುಗಿದಿರುತ್ತದೆ ಎಂದು ಕೋಷ್ಟಕ ಹೇಳುತ್ತದೆ. ಈಗಿನ ಎತ್ತರವನ್ನು ಆ ಶೇಕಡಾದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಂತಿಮ ಎತ್ತರ ಸಿಗುತ್ತದೆ. ಅಪ್ಪ ಅಮ್ಮನ ಎತ್ತರ, ತೂಕ, ಹರೆಯದ ಚಿಹ್ನೆಗಳು ಯಾವುದೂ ಈ ಲೆಕ್ಕದೊಳಗೆ ಬರುವುದಿಲ್ಲ.

ಆದರೆ ಕೋಷ್ಟಕ ಒಂದಲ್ಲ. ಹುಡುಗರಿಗೆ ಮೂರು, ಹುಡುಗಿಯರಿಗೆ ಮೂರು. ಮೂಳೆ ವಯಸ್ಸು ನಿಜ ವಯಸ್ಸಿನ ಒಂದು ವರ್ಷದೊಳಗೆ ಇದ್ದರೆ ಸರಾಸರಿ ಕೋಷ್ಟಕ. ಒಂದು ವರ್ಷಕ್ಕಿಂತ ಮುಂದಿದ್ದರೆ ಬೇಗ ಬಲಿಯುವವರ ಕೋಷ್ಟಕ, ಹಿಂದಿದ್ದರೆ ತಡವಾಗಿ ಬಲಿಯುವವರದು. ಮೂಳೆ ವಯಸ್ಸು 11 ಇರುವ ಹುಡುಗನಿಗೆ ಈ ಮೂರರಲ್ಲಿ ಸಿಗುವ ಅಂಕಿಗಳು ಹೀಗಿವೆ: ಬೇಗ ಬಲಿಯುವವನಾದರೆ ಶೇ. 76.7, ಸರಾಸರಿಯವನಾದರೆ 80.4, ತಡವಾದವನಾದರೆ 82.3. ಎತ್ತರ 140 ಸೆಂ.ಮೀ. ಇದ್ದರೆ ಕ್ರಮವಾಗಿ 182.5, 174.1 ಮತ್ತು 170.1 ಸೆಂ.ಮೀ.

ಈ ಅಂಕಿಗಳು ಏಕೆ ಬೇರೆ? ತಡವಾಗಿ ಬಲಿಯುವ ಹುಡುಗ ಮೂಳೆ ವಯಸ್ಸು 11 ತಲುಪುವ ಹೊತ್ತಿಗೆ ನಿಜವಾಗಿ ಹದಿಮೂರರ ಹತ್ತಿರ ಇರಬಹುದು. ಹರೆಯಕ್ಕೆ ಮುಂಚಿನ ನಿಧಾನ ಬೆಳವಣಿಗೆಯ ವರ್ಷಗಳು, ಮುಖ್ಯವಾಗಿ ಕಾಲು ಉದ್ದವಾಗುವ ವರ್ಷಗಳು, ಅವನಿಗೆ ಹೆಚ್ಚು ಸಿಕ್ಕಿವೆ. ಆಮೇಲೆ ಬರುವ ಹರೆಯದ ಜಿಗಿತ ಮಾತ್ರ ತಡವಾದವರಲ್ಲಿ ಸಾಮಾನ್ಯವಾಗಿ ಸಣ್ಣದು. ಹೀಗಾಗಿ ಅದೇ ಮೂಳೆ ವಯಸ್ಸಿಗೆ ಅವನ ಎತ್ತರದ ದೊಡ್ಡ ಪಾಲು ಮುಗಿದಿರುತ್ತದೆ. ಬೇಗ ಬಲಿಯುವವನಲ್ಲಿ ಇದು ತಿರುಗುಮುರುಗು: ಕಡಿಮೆ ವರ್ಷ ಬೆಳೆದಿದ್ದಾನೆ, ಮುಂದಿನ ಜಿಗಿತ ದೊಡ್ಡದು. ಬೇಲಿ ಈ ವ್ಯತ್ಯಾಸವನ್ನು ಗುರುತಿಸಿ ಕೋಷ್ಟಕಕ್ಕೆ ತಂದದ್ದು ದೊಡ್ಡ ಕೆಲಸ. ಎಲ್ಲರನ್ನೂ ಒಂದೇ ಕೋಷ್ಟಕಕ್ಕೆ ತುಂಬಿದ್ದರೆ ಆರೋಗ್ಯವಂತ ಮಕ್ಕಳಲ್ಲೇ ಅಂದಾಜು ಎರಡೂ ಕಡೆ ವಾಲುತ್ತಿತ್ತು.

ತೊಡಕು ಹುಟ್ಟುವುದು ಈ ವಿಂಗಡಣೆಯ ಒರಟುತನದಿಂದ. ಮೂಳೆಯ ಹಿನ್ನಡೆ ಒಂದೊಂದೇ ತಿಂಗಳಂತೆ ಸರಿಯುವ ಸಂಗತಿ. ಕೋಷ್ಟಕ ಮಾತ್ರ ಅದನ್ನು ಒಂದು ವರ್ಷದ ಗೆರೆಯಲ್ಲಿ ತುಂಡು ಮಾಡುತ್ತದೆ. ಮೊದಲು ಹೇಳಿದ ಇಬ್ಬರು ಹುಡುಗರು ಆ ಗೆರೆಯ ಆಚೀಚೆ ನಿಂತವರು. ಗೆರೆಯ ಹತ್ತಿರ ಇರುವ ಮಗುವಿಗೆ ಎರಡೂ ಕೋಷ್ಟಕದ ಉತ್ತರ ತೆಗೆದು, ನಿಜ ಎರಡರ ನಡುವೆ ಇದೆ ಎಂದುಕೊಳ್ಳುವುದೇ ಸರಿ ಎಂದು ನಮ್ಮ ಅಭಿಪ್ರಾಯ.

ಗೆರೆಯಿಂದ ದೂರ ಹೋದಾಗ ಬೇರೆಯದೇ ತಪ್ಪು ಕಾಣುತ್ತದೆ. 14 ವರ್ಷದ ಹುಡುಗ, ಎತ್ತರ 145 ಸೆಂ.ಮೀ., ಮೂಳೆ ವಯಸ್ಸು 11. ಹಿನ್ನಡೆ ಮೂರು ವರ್ಷ. ತಡವಾದವರ ಕೋಷ್ಟಕದ 82.3ರಿಂದ ಭಾಗಿಸಿದರೆ 176 ಸೆಂ.ಮೀ. ಬರುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಆ 82.3 ಆರೋಗ್ಯವಂತ ಬರ್ಕ್ಲಿ ಮಕ್ಕಳ ಸರಾಸರಿ. ಅವರಲ್ಲಿ ಒಂದು ವರ್ಷಕ್ಕಿಂತ ತುಸು ಹೆಚ್ಚು ಹಿಂದಿದ್ದವರು ಸಿಗುವುದು ಸುಲಭ, ಮೂರು ವರ್ಷ ಹಿಂದಿದ್ದವರು ತೀರಾ ಅಪರೂಪ. ಹಿನ್ನಡೆ ಹೆಚ್ಚಿದಷ್ಟೂ ಮುಗಿದ ಪಾಲು ಹೆಚ್ಚುತ್ತದೆ ಎಂಬ ತರ್ಕ ಒಂದು ವರ್ಷಕ್ಕೆ ನಿಲ್ಲುವುದಿಲ್ಲ, ಕೋಷ್ಟಕ ನಿಲ್ಲುತ್ತದೆ. ಈ ಹುಡುಗ ನಿಜವಾಗಿ ಶೇ. 85ರ ಹತ್ತಿರ ಮುಗಿಸಿದ್ದರೆ ಅವನು ನಿಲ್ಲುವುದು 171ರ ಸುಮಾರಿಗೆ. ಮೂಳೆ ಎರಡು ವರ್ಷಕ್ಕಿಂತ ಹೆಚ್ಚು ಹಿಂದಿರುವ ಹುಡುಗರಲ್ಲಿ ಈ ವಿಧಾನ ಎತ್ತರವನ್ನು ಹೆಚ್ಚಾಗಿ ಹೇಳುವ ಒಲವು ಹೊಂದಿದೆ ಎಂಬುದು ವೈದ್ಯಸಾಹಿತ್ಯದಲ್ಲಿ ಮತ್ತೆ ಮತ್ತೆ ಕಂಡಿದೆ. ಇಂಥ ಹುಡುಗನಿಗೆ ಸರಾಸರಿ ಕೋಷ್ಟಕ ಬಳಸಿದರಂತೂ ಉತ್ತರ 180 ಮೀರುತ್ತದೆ. ಅಂದಾಜು ತಂದೆ ತಾಯಿಯ ಎತ್ತರ ಸೂಚಿಸುವುದಕ್ಕಿಂತ ಬಹಳ ಮೇಲೆ ಬಂದರೆ ಅದನ್ನು ಮೊದಲು ಅನುಮಾನಿಸಬೇಕು.

ಇನ್ನೊಂದು ತುದಿಯಲ್ಲಿ ವಿಷಯ ಇನ್ನೂ ಸೂಕ್ಷ್ಮ. ಬೇಗ ಬಲಿಯುವ ಆರೋಗ್ಯವಂತ ಹುಡುಗಿಯೇ ಬೇರೆ, ಕಾಲಕ್ಕೆ ಮುಂಚೆ ಹರೆಯ ಬಂದ ಕಾಯಿಲೆಯ ಹುಡುಗಿಯೇ ಬೇರೆ. ಕೋಷ್ಟಕದ ಕಣ್ಣಿಗೆ ಇಬ್ಬರೂ ಒಂದೇ. ಎಂಟು ವರ್ಷದ ಹುಡುಗಿ, ಎತ್ತರ 138 ಸೆಂ.ಮೀ., ಎಕ್ಸ್‌ರೇಯಲ್ಲಿ ಹೆಬ್ಬೆರಳ ಬುಡದ ಪುಟ್ಟ ಸೆಸಮಾಯ್ಡ್ ಮೂಳೆ ಆಗಲೇ ಮೂಡಿದೆ, ಮೂಳೆ ವಯಸ್ಸು 11. ಬೇಗ ಬಲಿಯುವವರ ಕೋಷ್ಟಕದಲ್ಲಿ ಶೇ. 88.3, ಅಂದರೆ 156.3 ಸೆಂ.ಮೀ. ಸರಾಸರಿಯದರಲ್ಲಿ 90.6, ಅಂದರೆ 152.3. ನಿಯಮದಂತೆ ಮೊದಲನೆಯದನ್ನೇ ಬಳಸಬೇಕು. ಆದರೆ ಆ ಕೋಷ್ಟಕದ ಹುಡುಗಿಯರಿಗೆ ಮುಂದೆ ಸಹಜವಾದ ಹರೆಯದ ಜಿಗಿತ ಉಳಿದಿತ್ತು. ಕಾಯಿಲೆಯ ಹುಡುಗಿಯಲ್ಲಿ ಈಸ್ಟ್ರೋಜೆನ್ ಮೂಳೆಯ ತುದಿಯ ಬೆಳವಣಿಗೆ ಪಟ್ಟಿಯನ್ನು ಎತ್ತರ ಏರುವುದಕ್ಕಿಂತ ವೇಗವಾಗಿ ಮುಚ್ಚುತ್ತ ಹೋಗುತ್ತದೆ, ಉಳಿದಿದೆ ಎಂದುಕೊಂಡ ಬೆಳವಣಿಗೆಯ ಒಂದು ಭಾಗ ಬರುವುದೇ ಇಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟ ಇಂಥ ಹುಡುಗಿಯರ ಅಂತಿಮ ಎತ್ತರ ಅಂದಾಜಿಗಿಂತ ಕಡಿಮೆಯಾದದ್ದು ಕಂಡುಬಂದ ಮೇಲೆ, ಮೂಳೆ ಎಷ್ಟೇ ಮುಂದಿದ್ದರೂ ಸರಾಸರಿ ಕೋಷ್ಟಕವನ್ನೇ ಬಳಸುವ ತಜ್ಞರು ಹಲವರಿದ್ದಾರೆ.

ಹಾಗಿದ್ದೂ ಈ ಹಳೆಯ ಕೋಷ್ಟಕವನ್ನು ಯಾರೂ ಎಸೆದಿಲ್ಲ. 1975ರಲ್ಲಿ ಎರಡು ಪ್ರತಿಸ್ಪರ್ಧಿ ವಿಧಾನಗಳು ಬಂದವು: ಅಮೆರಿಕದ ಫೆಲ್ಸ್ ಅಧ್ಯಯನದಿಂದ ರೋಶ್ ಮತ್ತು ಸಂಗಡಿಗರದು, ಇಂಗ್ಲೆಂಡಿನಿಂದ ಟ್ಯಾನರ್ ತಂಡದ್ದು. ಎರಡೂ ಅಂಕಿ ಅಂಶಗಳ ಸಮೀಕರಣ ಆಧಾರಿತ, ಆರೋಗ್ಯವಂತ ಮಕ್ಕಳಲ್ಲಿ ಚೆನ್ನಾಗಿ ಕೆಲಸ ಮಾಡುವಂಥವು. 1978ರಲ್ಲಿ ಜ್ಯೂರಿಕ್‌ನ ಝಖ್ಮಾನ್ ತಂಡ ಮೂರನ್ನೂ ಹೋಲಿಸಿದಾಗ, ಬೆಳೆಯುವ ಸಾಮರ್ಥ್ಯವೇ ಏರುಪೇರಾದ ರೋಗಿಗಳಲ್ಲಿ ಬೇಲಿ-ಪಿನ್ನೋ ಮೇಲು ಎಂದು ಕಂಡಿತು. ಸಮೀಕರಣಗಳು ಮಗುವನ್ನು ಸಮುದಾಯದ ಸರಾಸರಿಯತ್ತ ಎಳೆಯುತ್ತವೆ. ಶೇಕಡಾ ಕೋಷ್ಟಕ ಈಗಿನ ಎತ್ತರವನ್ನೇ ನೆಚ್ಚಿಕೊಳ್ಳುತ್ತದೆ, ಕುಳ್ಳಗಿರುವ ಮಗುವಿಗೆ ಕಾರಣವಿಲ್ಲದೆ ಎತ್ತರ ಸೇರಿಸುವುದಿಲ್ಲ.

ಕೋಷ್ಟಕದ ಆಯ್ಕೆಗಿಂತ ಮೊದಲೇ ಎಕ್ಸ್‌ರೇ ಓದುವುದರಲ್ಲೂ ಎಡವಬಹುದು. ಒಂದೇ ಚಿತ್ರಕ್ಕೆ ಇಬ್ಬರು ಅನುಭವಿಗಳು ಅರ್ಧ ವರ್ಷದ ವ್ಯತ್ಯಾಸದಲ್ಲಿ ವಯಸ್ಸು ಕೊಡುವುದು ಅಸಹಜವಲ್ಲ. ಇದರ ಬೆಲೆ ಎಲ್ಲ ವಯಸ್ಸಿನಲ್ಲೂ ಒಂದೇ ಅಲ್ಲ. ಹುಡುಗರ ಸರಾಸರಿ ಕೋಷ್ಟಕದಲ್ಲಿ 13ಕ್ಕೆ ಶೇ. 87.6, ಹದಿಮೂರೂವರೆಗೆ 90.2. ಎತ್ತರ 150 ಸೆಂ.ಮೀ. ಇದ್ದರೆ ಒಂದರಲ್ಲಿ 171, ಇನ್ನೊಂದರಲ್ಲಿ 166. ಹರೆಯದ ಜಿಗಿತದ ಹೊತ್ತಿನಲ್ಲಿ ಅರ್ಧ ವರ್ಷದ ಓದು ಐದು ಸೆಂಟಿಮೀಟರ್ ತಿನ್ನುತ್ತದೆ. ಮಣಿಕಟ್ಟಿನ ಸಣ್ಣ ಮೂಳೆಗಳು ಒಂದು ವಯಸ್ಸು, ಬೆರಳ ಮೂಳೆಗಳು ಇನ್ನೊಂದು ವಯಸ್ಸು ಹೇಳಿದರೆ ಬೆರಳುಗಳಿಗೆ ಹೆಚ್ಚು ತೂಕ ಕೊಡುವುದು ವಾಡಿಕೆ, ಏಕೆಂದರೆ ಉದ್ದ ಮೂಳೆಗಳ ಬೆಳವಣಿಗೆ ಪಟ್ಟಿಗೆ ಹೋಲುವ ಪಟ್ಟಿ ಇರುವುದು ಅಲ್ಲೇ.

ಚಿಕಿತ್ಸೆ ನಡೆಯುವಾಗ ಕೋಷ್ಟಕ ತಾನಾಗಿ ಬದಲಾಗಿಬಿಡುವುದು ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವ ತಪ್ಪು. ಮೇಲೆ ಹೇಳಿದ ಎಂಟು ವರ್ಷದ ಹುಡುಗಿಗೆ ಹರೆಯ ತಡೆಯುವ ಚುಚ್ಚುಮದ್ದು ಕೊಟ್ಟು, 11 ವರ್ಷ 1 ತಿಂಗಳಿಗೆ ಅವಳ ಎತ್ತರ 149 ಸೆಂ.ಮೀ., ಮೂಳೆ ವಯಸ್ಸು 12 ಆಯಿತು ಎಂದಿಟ್ಟುಕೊಳ್ಳಿ. ಈಗ ಮೂಳೆ 11 ತಿಂಗಳಷ್ಟೇ ಮುಂದಿದೆ, ಆದ್ದರಿಂದ ನಿಯಮದಂತೆ ಸರಾಸರಿ ಕೋಷ್ಟಕ: ಶೇ. 92.2, ಅಂದಾಜು 161.6 ಸೆಂ.ಮೀ. ಮೊದಲ ಅಂದಾಜು 156.3 ಆಗಿದ್ದರಿಂದ ಗಳಿಕೆ ಐದು ಚಿಲ್ಲರೆ ಸೆಂಟಿಮೀಟರ್ ಎಂದು ಕಡತದಲ್ಲಿ ಬರೆಯುತ್ತಾರೆ. ಎರಡೂ ಬಾರಿ ಸರಾಸರಿ ಕೋಷ್ಟಕವನ್ನೇ ಹಿಡಿದಿದ್ದರೆ ಗಳಿಕೆ 9.3. ಎರಡೂ ಬಾರಿ ಬೇಗ ಬಲಿಯುವವರ ಕೋಷ್ಟಕ ಹಿಡಿದಿದ್ದರೂ 9ರ ಮೇಲೆಯೇ. ಮದ್ದು ಒಂದೇ, ಮಗು ಒಂದೇ. ಕಾಗದದ ಮೇಲಿನ ಲಾಭ ಮಾತ್ರ ಅರ್ಧಕ್ಕೆ ಹತ್ತಿರ ಇಳಿಯಿತು. ತಡವಾಗಿ ಬಲಿಯುವ ಹುಡುಗನಿಗೆ ಹಾರ್ಮೋನ್ ಕೊಟ್ಟು ಅವನ ಹಿನ್ನಡೆ ಒಂದು ವರ್ಷದೊಳಗೆ ಬಂದಾಗ ಇದೇ ಬದಲಾವಣೆ ತಿರುಗಿ, ಇಲ್ಲದ ಲಾಭ ತೋರಿಸುತ್ತದೆ. ಆದ್ದರಿಂದ ಪ್ರತಿ ಅಂದಾಜಿನ ಪಕ್ಕದಲ್ಲೂ ಅಂದಿನ ಎತ್ತರ, ಮೂಳೆ ವಯಸ್ಸು ಮತ್ತು ಯಾವ ಕೋಷ್ಟಕ ಎಂಬ ಮೂರನ್ನೂ ಬರೆದಿಡಬೇಕು. ಆಗ ಮುಂದೆ ನೋಡುವ ವೈದ್ಯರು ಹಳೆಯ ಮತ್ತು ಹೊಸ ಅಂಕಿಗಳನ್ನು ಒಂದೇ ಕೋಷ್ಟಕಕ್ಕೆ ತಂದು ಹೋಲಿಸಬಹುದು.