‘ನೋಡೋಣ’ ಅಂದ್ರೆ ಏನು? ಗಾಡಿ ಇನ್ಶೂರೆನ್ಸ್ ರಿನ್ಯೂವಲ್ ಕಾಲ್ ಬಗ್ಗೆ ಟಿಪ್ಪಣಿ

ಇನ್ಶೂರೆನ್ಸ್ ಕಾಲ್ ಸೆಂಟರಿನಲ್ಲಿ ಹೊಸದಾಗಿ ಸೀಟಿಗೆ ಕೂತವರಿಗೆ ಸಾಮಾನ್ಯವಾಗಿ ಕೊಡುವ ಕನ್ನಡ ಸ್ಕ್ರಿಪ್ಟ್ ಹೀಗೆ ಶುರುವಾಗುತ್ತದೆ: “ತಮ್ಮ ದ್ವಿಚಕ್ರ ವಾಹನದ ವಿಮಾ ಪಾಲಿಸಿಯ ನವೀಕರಣದ ಕುರಿತು ತಮಗೆ ತಿಳಿಸಲು ಕರೆ ಮಾಡಲಾಗಿದೆ.” ಇದನ್ನು ಒಮ್ಮೆ ಜೋರಾಗಿ ಓದಿ ನೋಡಿ. ಬಸ್ ಸ್ಟ್ಯಾಂಡಿನ ಪ್ರಕಟಣೆ ಕೇಳಿದ ಹಾಗಿರುತ್ತೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟಾಗಿರುತ್ತದೆ. ನಾವು ಮನೆಯಲ್ಲಿ “ಗಾಡಿ ಇನ್ಶೂರೆನ್ಸ್ ಮುಗಿಯುತ್ತೆ, ಕಟ್ಬೇಕು” ಅಂತೀವೇ ಹೊರತು ನವೀಕರಣ ಅನ್ನಲ್ಲ. ಈ ಟಿಪ್ಪಣಿಗೆ ಟೂ ವೀಲರ್ ಪಾಲಿಸಿಯ ಒಂದೇ ಕೇಸ್ ತೆಗೆದುಕೊಂಡಿದ್ದೇನೆ. ಟೂ ವೀಲರ್‌ನಲ್ಲೇ ನಾವು ಹೆಚ್ಚು ತಪ್ಪು ಮಾತಾಡೋದು.

ಡಯಲ್ ಮಾಡೋ ಮುಂಚೆ ಸ್ಕ್ರೀನ್ ಓದಿ

ಕೇಸ್ ಇದು. 110 ಸಿಸಿ ಸ್ಕೂಟರ್, 2022ರ ಆಗಸ್ಟ್ 12ಕ್ಕೆ ಶೋರೂಮಿನಿಂದ ಹೊರಬಂದಿದ್ದು. ಕಾಲ್ ಮಾಡೋ ದಿನ 2025ರ ಆಗಸ್ಟ್ 4. ಲಿಸ್ಟಿನಲ್ಲಿ “ಎಕ್ಸ್‌ಪೈರಿ 11 ಆಗಸ್ಟ್” ಅಂತಿದೆ. ಏನು ಎಕ್ಸ್‌ಪೈರ್ ಆಗ್ತಿದೆ ಅನ್ನೋದು ಮೊದಲ ಪ್ರಶ್ನೆ.

2018ರ ಸೆಪ್ಟೆಂಬರ್ 1ರಿಂದ ಹೊಸ ಟೂ ವೀಲರ್ ಕೊಳ್ಳುವಾಗಲೇ 5 ವರ್ಷದ ಥರ್ಡ್ ಪಾರ್ಟಿ ಕಟ್ಟಿಸಿಕೊಳ್ಳುತ್ತಾರೆ, ಕಾರಿಗಾದರೆ 3 ವರ್ಷ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ, ಅದು ಕಾನೂನಿನ ಪ್ರಕಾರ ಕಡ್ಡಾಯ. ನಮ್ಮ ಗಾಡಿಗೇ ಆದ ಡ್ಯಾಮೇಜ್, ಕಳ್ಳತನ ಇವೆಲ್ಲ ಓನ್ ಡ್ಯಾಮೇಜ್‌ಗೆ ಬರುತ್ತವೆ. ಅದು ಅವರವರ ಇಷ್ಟ. ಈ ಗ್ರಾಹಕರು ಓನ್ ಡ್ಯಾಮೇಜನ್ನು ವರ್ಷ ವರ್ಷ ಕಟ್ಟುತ್ತಾ ಬಂದಿದ್ದಾರೆ. ಆಗಸ್ಟ್ 11ಕ್ಕೆ ಮುಗಿಯೋದು ಅದೊಂದೇ. ಇವರ ಥರ್ಡ್ ಪಾರ್ಟಿ 2027ರ ಆಗಸ್ಟ್ 11ರ ತನಕ ಇದೆ.

ಈಗ ಹಳೇ ಸ್ಕ್ರಿಪ್ಟಿನ ಎರಡನೇ ಸಾಲು ನೋಡಿ: “ರಿನ್ಯೂ ಮಾಡದಿದ್ರೆ ಪೊಲೀಸ್ ಹಿಡಿದಾಗ 2000 ದಂಡ ಸರ್.” ಈ ದಂಡ ಇರೋದು ನಿಜ. ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್, ಮೊದಲ ಸಲ 2000, ಮತ್ತೆ ಸಿಕ್ಕಿಬಿದ್ದರೆ 4000, ಜೈಲೂ ಆಗಬಹುದು. ಆದರೆ ಅದು ಥರ್ಡ್ ಪಾರ್ಟಿ ಇಲ್ಲದವರಿಗೆ. ಈ ಸ್ಕೂಟರಿನವರಿಗೆ ಹಾಗೆ ಹೇಳಿದರೆ ಅದು ಸುಳ್ಳು. ಟೀಮ್ ಲೀಡರ್ ಹೇಳಿಕೊಟ್ಟ ಸಾಲು ಅನ್ನೋ ಕಾರಣಕ್ಕೆ ಸುಳ್ಳು ನಿಜ ಆಗಲ್ಲ, ಮೇಲಾಗಿ ಕಾಲ್ ರೆಕಾರ್ಡ್ ಆಗ್ತಿರುತ್ತೆ.

ಹಾಗಾದರೆ ಇವರಿಗೆ ನಿಜವಾಗಿ ಏನು ನಷ್ಟ? ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದೇ ಇದ್ದುದಕ್ಕೆ ಸಿಗುವ ರಿಯಾಯಿತಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ಆಮೇಲೆ 45, ಕೊನೆಗೆ 50. ಇವರು ಮೂರು ವರ್ಷ ಕ್ಲೇಮ್ ಮಾಡಿಲ್ಲ, ಈ ಸಲ 35. ಈ ರಿಯಾಯಿತಿ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಉದಾಹರಣೆಗೆ ಪ್ರೀಮಿಯಂ 700 ರೂಪಾಯಿ ಇದೆ ಅಂದುಕೊಳ್ಳಿ. 245 ಕಡಿಮೆಯಾಗಿ 455 ಆಗುತ್ತೆ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ ಸುಮಾರು 537. ಮುಗಿದ ದಿನದಿಂದ 90 ದಿನದೊಳಗೆ ರಿನ್ಯೂ ಆಗದಿದ್ದರೆ ಈ 35 ಹೋಗಿ ಸೊನ್ನೆಯಿಂದ ಶುರು. ಇವರಿಗೆ ಆ ಕೊನೇ ದಿನ ನವೆಂಬರ್ 9. ಇನ್ನೊಂದು ವಿಷಯ: ಆಗಸ್ಟ್ 11 ದಾಟಿದ ಮೇಲೆ ಕಟ್ಟಲು ಹೋದರೆ ಗಾಡಿ ಇನ್ಸ್‌ಪೆಕ್ಷನ್ ಕೇಳಬಹುದು, ಮತ್ತು ನಡುವೆ ಖಾಲಿ ಬಿದ್ದ ದಿನಗಳಲ್ಲಿ ಗಾಡಿಗೆ ಏನಾದರೂ ಆದರೆ ಕ್ಲೇಮ್ ಸಿಗಲ್ಲ.

ಇಷ್ಟು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಡಯಲ್ ಮಾಡಿ. ಕಾಲ್ ನಡೆಯುವಾಗ ಹುಡುಕುತ್ತಾ ಕೂತರೆ ಬಾಯಿಗೆ ಬರೋದು ಆ ದಂಡದ ಸಾಲೇ.

ಮೊದಲ ನಾಲ್ಕು ಮಾತು

“ನಮಸ್ಕಾರ, ನಾನು (ಹೆಸರು), (ಕಂಪನಿ) ಇನ್ಶೂರೆನ್ಸ್‌ನಿಂದ ಮಾತಾಡ್ತಿದೀನಿ. (ಗ್ರಾಹಕರ ಹೆಸರು) ಅವರೇನಾ?”

“ಹೌದು, ಹೇಳಿ.”

“ನಿಮ್ಮ ಸ್ಕೂಟರ್ ಇನ್ಶೂರೆನ್ಸ್ ವಿಷಯ ಇತ್ತು, ಒಂದು ನಿಮಿಷ ಸಾಕು. ಈಗ ಮಾತಾಡ್ಬಹುದಾ, ಗಾಡಿ ಓಡಿಸ್ತಾ ಇದೀರಾ?”

ಸರ್, ಮೇಡಂ ಎರಡೂ ಮೊದಲ ವಾಕ್ಯದಲ್ಲಿ ಇಲ್ಲ, ಗಮನಿಸಿ. ದನಿ ಕೇಳಿ ಸರ್ ಅಂದು ಆಮೇಲೆ ಪೇಚಾಡೋದಕ್ಕಿಂತ ಒಂದು ಮಾತು ಕೇಳಿಸಿಕೊಂಡು ಸೇರಿಸೋದು ವಾಸಿ. ಮತ್ತೆ ಸಾಲಿಗೊಂದು ಸರ್ ಬೇಡ, “ರೀ” “ನೀವು” ಇದ್ದರೆ ಮರ್ಯಾದೆ ತಾನಾಗೇ ಬರುತ್ತೆ.

ಫೋನ್ ಎತ್ತಿದವರು ಮನೆಯವರಾದರೆ ಪಾಲಿಸಿ ವಿವರ ಹೇಳಬಾರದು. “ಅವರು ಯಾವಾಗ ಸಿಗ್ತಾರೆ?” ಅಂತ ಮಾತ್ರ ಕೇಳಿ ಇಟ್ಟುಬಿಡಿ. ಗ್ರಾಹಕರೇ ಆದರೆ ವಿಷಯ ಹೀಗೆ:

“ನಿಮ್ಮ ಗಾಡಿ, ಕೊನೇ ನಂಬರ್ (ನಾಲ್ಕು ಅಂಕಿ), ಅದರ ಓನ್ ಡ್ಯಾಮೇಜ್ ಇನ್ಶೂರೆನ್ಸ್ ಇದೇ 11ಕ್ಕೆ ಮುಗಿಯುತ್ತೆ. ಥರ್ಡ್ ಪಾರ್ಟಿ 2027ರ ತನಕ ಇದೆ, ಅದಕ್ಕೇನೂ ತೊಂದರೆ ಇಲ್ಲ. ಓನ್ ಡ್ಯಾಮೇಜ್ ಮುಂದುವರಿಸ್ತೀರಾ ಅಂತ ಕೇಳೋಣ ಅಂತ ಫೋನ್ ಮಾಡ್ದೆ.”

ನಡುವಿನ ಆ ಥರ್ಡ್ ಪಾರ್ಟಿ ಸಾಲು ಸೇಲ್ ಕೆಡಿಸುತ್ತೆ ಅಂತ ನಮ್ಮ ಬ್ಯಾಚಿನಲ್ಲೇ ಜಗಳ ಆಗಿತ್ತು. ನನ್ನ ಅನುಭವ ಬೇರೆ. ಹೆದರಿಸದೇ ಮಾತಾಡಿದವರನ್ನು ಜನ ಇನ್ನೂ ಅರ್ಧ ನಿಮಿಷ ಕೇಳುತ್ತಾರೆ.

ಬೇಡ ಅನ್ನೋದು ಹೇಗೆಲ್ಲ ಬರುತ್ತೆ

ಕನ್ನಡದಲ್ಲಿ ಮುಖಕ್ಕೆ ಹೊಡೆದ ಹಾಗೆ “ಬೇಡ” ಅನ್ನುವವರು ಕಡಿಮೆ. “ನೋಡೋಣ”, “ಆಯ್ತು ಬಿಡಿ, ನೋಡ್ತೀನಿ”, “ಮನೇಲಿ ಕೇಳಿ ಹೇಳ್ತೀನಿ” ಅಂತಾರೆ. ಮದುವೆಗೆ ಕರೆದಾಗ “ಬರೋಣಂತೆ” ಅಂದವರು ಎಷ್ಟು ಜನ ಬರುತ್ತಾರೋ, ಇದೂ ಅಷ್ಟೇ. ನಾವು ಇದನ್ನೆಲ್ಲ ಕಾಲ್‌ಬ್ಯಾಕ್ ಅಂತ ಹಾಕಿ ಮೂರು ದಿನ ಬಿಟ್ಟು ಮತ್ತೆ ಮಾಡುತ್ತೇವೆ. ಗ್ರಾಹಕರ ಲೆಕ್ಕದಲ್ಲಿ ಅವರು ಆಗಲೇ ಬೇಡ ಅಂದಾಗಿದೆ.

ಗುರುತಿಸೋದು ಸುಲಭ: ಅವರು ಹೊತ್ತು ಹೇಳಿದರಾ? “ಸಾಯಂಕಾಲ ಆರರ ಮೇಲೆ ಮಾಡಿ”, “ಸಂಬಳ ಆಗ್ಲಿ, 7ಕ್ಕೆ ಮಾಡಿ” ಅಂದರೆ ಅದು ಕಾಲ್‌ಬ್ಯಾಕ್. ಹೊತ್ತಿಲ್ಲದ “ನೋಡೋಣ” ಬಹುತೇಕ ಬೇಡ ಅಂತಲೇ. ಅನುಮಾನ ಇದ್ದರೆ ಒಂದೇ ಒಂದು ಪ್ರಶ್ನೆ ಕೇಳಿ, ಬೇಡ ಅನ್ನೋಕೆ ದಾರಿ ಬಿಟ್ಟು:

“ನಾನು ಮತ್ತೆ ಒಂದ್ಸಲ ಫೋನ್ ಮಾಡ್ಲಾ, ಇಲ್ಲ ಬೇಡ್ವಾ? ಬೇಡ ಅಂದ್ರೂ ಪರವಾಗಿಲ್ಲ.”

ತುಂಬಾ ಜನ ಇಲ್ಲಿ ಸಡಿಲವಾಗಿ “ಬೇಡ ಬಿಡಿ” ಅಂದುಬಿಡುತ್ತಾರೆ. ನಿಮ್ಮ ನಾಲ್ಕು ಕಾಲ್ ಉಳಿಯಿತು.

ಇನ್ನು ಸ್ಪಷ್ಟವಾಗಿ ಬೇಡ ಅಂದಾಗ ಏನು? ಹಳೇ ಪದ್ಧತಿಯಲ್ಲಿ ಮೂರು ರಿಬಟಲ್, ಅಂದರೆ ಒಪ್ಪಿಸೋಕೆ ಹೇಳುವ ಮರುಮಾತು, ಕಡ್ಡಾಯ: ಯಾಕೆ ಬೇಡ, ಡಿಸ್ಕೌಂಟ್ ಇದೆ, ಇವತ್ತೇ ಕೊನೇ ದಿನ. ನಾನು ಇಟ್ಟುಕೊಂಡ ನಿಯಮ ಬೇರೆ. ಅವರಿಗೆ ಗೊತ್ತಿಲ್ಲದ, ಗೊತ್ತಾದರೆ ಅವರ ತೀರ್ಮಾನ ಬದಲಾಗಬಹುದಾದ ಒಂದು ಸಂಗತಿ ಇದ್ದರೆ ಅದನ್ನು ಒಮ್ಮೆ ಹೇಳೋದು. ಇಲ್ಲದಿದ್ದರೆ ಏನೂ ಹೇಳಬೇಕಿಲ್ಲ. ಮೇಲಿನ ಕೇಸಿನಲ್ಲಿ ಆ ಸಂಗತಿ ನವೆಂಬರ್ 9.

“ಬೇಡ ರೀ, ಹಳೇ ಸ್ಕೂಟರ್ರು, ಯಾಕೆ ಸುಮ್ನೆ.”

“ಆಯ್ತು ಸರ್. ಒಂದು ವಿಷಯ ಹೇಳಿ ಇಡ್ತೀನಿ: ನಿಮಗೆ ಶೇ 35 ರಿಯಾಯಿತಿ ಇದೆ, ಮನಸ್ಸು ಬದಲಾದ್ರೆ ನವೆಂಬರ್ 9ರೊಳಗೆ ಕಟ್ಟಿದ್ರೆ ಅದು ಉಳಿಯುತ್ತೆ. ಆದ್ರೆ 11 ದಾಟಿದ್ರೆ ಗಾಡಿ ತೋರಿಸ್ಬೇಕಾಗ್ಬಹುದು, ಮಧ್ಯದಲ್ಲಿ ಏನಾದ್ರೂ ಆದ್ರೆ ಕ್ಲೇಮ್ ಬರಲ್ಲ.”

“ಹೂಂ, ಸರಿ. ಈಗ ಬೇಡ.”

“ಸರಿ ಸರ್, ಬೇಡ ಅಂತ ಬರ್ಕೊಂಡೆ. ಥ್ಯಾಂಕ್ಸ್.”

ಎರಡನೇ “ಬೇಡ” ಬಂದ ಮೇಲೆ “ಆದ್ರೂ ಸರ್” ಅನ್ನಬಾರದು. ಆ ಎರಡು ಪದದಿಂದಲೇ ದನಿ ಏರೋದು.

ಇನ್ನೊಂದು ಉತ್ತರ ಊರಲ್ಲೆಲ್ಲ ಕೇಳಿಬರುತ್ತೆ: “ನಮ್ಮಣ್ಣನ ಮಗ ಏಜೆಂಟು, ಅವನ ಹತ್ರ ಮಾಡಿಸ್ತೀನಿ.” ಇಲ್ಲಿ “ಅವರು ಈ ರೇಟ್ ಕೊಡಲ್ಲ” ಅಂತ ಹೋದರೆ ನೀವು ಅವರ ಅಣ್ಣನ ಮಗನ ಜೊತೆ ಜಗಳಕ್ಕೆ ನಿಂತ ಹಾಗೆ. “ಒಳ್ಳೇದು ಮೇಡಂ. ಅವರಿಗೆ ಈ ಪಾಲಿಸಿ ಕಾಪಿ ಕೊಡಿ, ಕಂಪನಿ ಬದಲಾದ್ರೂ ನಿಮ್ಮ ಎನ್‌ಸಿಬಿ ಬರುತ್ತೆ” ಅಂದುಬಿಡಿ. ಎನ್‌ಸಿಬಿ ಮಾಲೀಕರದ್ದು, ಕಂಪನಿಯದ್ದಲ್ಲ.

ಕಟ್ಟುತ್ತೇನೆ ಅಂದವರಿಗೂ ಒಂದು ಎಚ್ಚರಿಕೆ. ಒಟಿಪಿ, ಕಾರ್ಡ್ ನಂಬರ್ ಫೋನಿನಲ್ಲಿ ಕೇಳಲೇಬಾರದು. “ಲಿಂಕ್ ಕಳಿಸ್ತೀನಿ. ಅನುಮಾನ ಇದ್ರೆ ಲಿಂಕ್ ಬಿಡಿ, ಕಂಪನಿ ಆ್ಯಪಲ್ಲೇ ಪಾಲಿಸಿ ನಂಬರ್ ಹಾಕಿ ಕಟ್ಟಿ” ಅನ್ನಿ.

ಕಾಲ್ ಇಟ್ಟ ಮೇಲೆ

ನಾನು ಕೆಟ್ಟದಾಗಿ ಸಿಕ್ಕಿಬಿದ್ದಿದ್ದು ಇಲ್ಲೇ. ಹಿಂದಿನ ಕೆಲಸದಲ್ಲಿ ಒಬ್ಬ ಹಿರಿಯರು “ನಂಗೆ ಫೋನ್ ಮಾಡ್ಬೇಡಿಯಮ್ಮಾ, ನಾನು ಆಫೀಸಿಗೇ ಹೋಗಿ ಕಟ್ತೀನಿ” ಅಂದಿದ್ದರು. ದಿನದ ಬೇಡಗಳ ಸಂಖ್ಯೆ ಜಾಸ್ತಿ ಕಾಣುತ್ತೆ ಅಂತ ನಾನು ಕಾಲ್‌ಬ್ಯಾಕ್ ಹಾಕಿದೆ. ವಾರದಲ್ಲಿ ಅವರಿಗೆ ನಾಲ್ಕು ಜನ ನಾಲ್ಕು ಸಲ ಫೋನ್ ಮಾಡಿದರು. ಐದನೆಯದು ಮತ್ತೆ ನನ್ನ ಹೆಡ್‌ಸೆಟ್ಟಿಗೇ ಬಂತು. ಅವರು ಬೈಯಲಿಲ್ಲ. “ನೀವೇ ಅಲ್ವಾ ಅವತ್ತು ಬರ್ಕೊಂಡೆ ಅಂದಿದ್ದು?” ಅಂತ ಕೇಳಿದರು.

ಡಿಸ್ಪೋಸಿಷನ್, ಅಂದರೆ ಕಾಲ್ ಏನಾಯ್ತು ಅನ್ನೋ ಕೋಡ್, ಹಾಕುವಾಗ ‘ನಾಟ್ ಇಂಟರೆಸ್ಟೆಡ್’ ಮತ್ತು ‘ಡಿಎನ್‌ಸಿ’ ಒಂದೇ ಅಲ್ಲ. ಮೊದಲನೆಯದು ಈ ಪಾಲಿಸಿ ಬೇಡ ಅಂತ. ಅಂಥ ನಂಬರನ್ನು ಡಯಲರ್ ಕೆಲವು ದಿನ ಬಿಟ್ಟು ಮತ್ತೆ ಲಿಸ್ಟಿಗೆ ತರುವ ಹಾಗೆ ಸೆಟ್ ಮಾಡಿರುತ್ತಾರೆ, ನಿಮ್ಮಲ್ಲಿ ಎಷ್ಟು ದಿನ ಅಂತ ಕೇಳಿಟ್ಟುಕೊಳ್ಳಿ. ಎರಡನೆಯದು ಫೋನೇ ಬೇಡ ಅಂತ. “ಫೋನ್ ಮಾಡಬೇಡಿ” ಅನ್ನೋ ಮಾತು ಬಂದರೆ ಡಿಎನ್‌ಸಿನೇ ಹಾಕಬೇಕು. “1909ಕ್ಕೆ ಹೇಳಿ ಡಿಎನ್‌ಡಿ ಹಾಕಿಸ್ಕೊಳ್ಳಿ” ಅಂತ ಅವರ ಮೇಲೆ ದಾಟಿಸೋದು ಉತ್ತರ ಅಲ್ಲ. ಡಿಎನ್‌ಡಿ ತಡೆಯೋದು ಪ್ರಚಾರದ ಕಾಲ್‌ಗಳನ್ನು. ಇರುವ ಪಾಲಿಸಿಯ ಬಗ್ಗೆ ಸರ್ವಿಸ್ ಕಾಲ್ ಅಂತ ಹೋಗೋದು ಆಮೇಲೂ ಹೋಗಬಹುದು. ಅದನ್ನು ನಿಲ್ಲಿಸೋಕೆ ಆಗೋದು ನಮ್ಮ ಸಿಸ್ಟಮ್ಮಿನಲ್ಲೇ.

ಗಾಡಿ ಮಾರಿದ್ದೇನೆ ಅಂದವರಿಗೆ ಬೇರೆ ಕೋಡ್ ಇರುತ್ತೆ, ರಾಂಗ್ ನಂಬರಿಗೆ ಬೇರೆ. ಅವನ್ನೆಲ್ಲ ಬೇಡದ ಜೊತೆ ಸೇರಿಸಬೇಡಿ.

ರಿಮಾರ್ಕ್ಸ್ ಮುಂದಿನವರು ಓದೋಕೆ ಅಂತ ಬರೆಯಿರಿ. ಮೇಲಿನ ಸ್ಕೂಟರಿಗೆ ನಾನು ಹಾಕಿದ್ದು ಇಷ್ಟು: “ಓನ್ ಡ್ಯಾಮೇಜ್ ಬೇಡ, ಎರಡು ಸಲ ಹೇಳಿದ್ದಾರೆ. ಥರ್ಡ್ ಪಾರ್ಟಿ 11-08-2027ರ ತನಕ ಇದೆ, ದಂಡದ ಮಾತು ಬೇಡ. ಎನ್‌ಸಿಬಿ 09-11 ತಿಳಿಸಿದೆ. ತಾವಾಗಿ ಕೇಳಿದರೆ ಮಾತ್ರ ಮಾತಾಡಿ.”