ಚಿನ್ನದ ಮಾತು, ಡಾಲರಿನ ಮಾತು

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಡಾಲರಿನ ದರ ದಿನವೂ ಬದಲಾಗುವುದು ಎಲ್ಲರಿಗೂ ಸಹಜವಾಗಿಬಿಟ್ಟಿತ್ತು. ನಂತರದ ವರ್ಷಗಳಲ್ಲಿ ತರಬೇತಿಗೆ ಬಂದ ಹೊಸಬರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು: ಹಿಂದೆ ಹಣಕ್ಕೆ ಚಿನ್ನದ ಆಧಾರವಿತ್ತಲ್ಲ, ಅದನ್ನು ಏಕೆ ಬಿಟ್ಟರು? ಬಿಟ್ಟರು ಎನ್ನುವುದಕ್ಕಿಂತ ಕೈತಪ್ಪಿತು ಎನ್ನುವುದೇ ಸರಿ. ಅದು ಹೇಗೆ ಕೈತಪ್ಪಿತು ಎಂಬುದನ್ನು ತಿಳಿಯಬೇಕಾದರೆ, ಮೊದಲು ಅದು ಹೇಗೆ ನಡೆಯುತ್ತಿತ್ತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

1914ಕ್ಕೆ ಮುಂಚೆ ಒಂದು ಪೌಂಡ್ ಎಂದರೆ ಸುಮಾರು 7.32238 ಗ್ರಾಂ ಅಪ್ಪಟ ಚಿನ್ನ, ಒಂದು ಡಾಲರ್ ಎಂದರೆ ಸುಮಾರು 1.50463 ಗ್ರಾಂ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಪೌಂಡಿಗೆ 4.8665 ಡಾಲರ್ ಎಂಬ ದರ ಬರುತ್ತದೆ. ಈ ದರವನ್ನು ಯಾರೂ ಕೂತು ನಿಗದಿ ಮಾಡಿದ್ದಲ್ಲ. ಎರಡು ದೇಶಗಳೂ ತಮ್ಮ ಹಣವನ್ನು ಕೇಳಿದವರಿಗೆ ಚಿನ್ನವಾಗಿ ಕೊಡಲು ಒಪ್ಪಿದ್ದರಿಂದ ತಾನಾಗಿಯೇ ಹುಟ್ಟಿದ್ದು. ನ್ಯೂಯಾರ್ಕಿನ ವ್ಯಾಪಾರಿಯೊಬ್ಬ ಲಂಡನ್ನಿಗೆ 10,000 ಪೌಂಡ್ ಪಾವತಿ ಮಾಡಬೇಕಿದೆ, ಅಂದು ಪೌಂಡಿಗೆ ಬೇಡಿಕೆ ಹೆಚ್ಚಿ, ಲಂಡನ್ನಿನಲ್ಲಿ ಪೌಂಡ್ ಕೊಡಿಸುವ ಪತ್ರವಾದ ಹುಂಡಿಯ ದರ 4.90 ಡಾಲರಿಗೆ ಏರಿದೆ ಎಂದುಕೊಳ್ಳಿ. ಹುಂಡಿ ಕೊಂಡರೆ ಅವನಿಗೆ 49,000 ಡಾಲರ್ ತಗಲುತ್ತದೆ. ಅದರ ಬದಲು 48,665 ಡಾಲರಿಗೆ ಚಿನ್ನವನ್ನೇ ಪಡೆದು ಹಡಗಿಗೆ ಹಾಕಿದರೆ, ಸಾಗಣೆ, ವಿಮೆ, ದಾರಿಯ ದಿನಗಳ ಬಡ್ಡಿ ಎಲ್ಲ ಸೇರಿ ಅರ್ಧ ಶೇಕಡಾ ಖರ್ಚೆಂದು ಹಿಡಿದರೂ 48,908 ಡಾಲರಿನಲ್ಲಿ ಕೆಲಸ ಮುಗಿಯುತ್ತದೆ. 92 ಡಾಲರ್ ಉಳಿತಾಯವಿರುವಾಗ ಹುಂಡಿಯನ್ನು ಯಾರು ಕೊಳ್ಳುತ್ತಾರೆ? ಹೀಗಾಗಿ ದರವು ಸಾಗಣೆ ಖರ್ಚಿನಷ್ಟು ಕಿರಿದಾದ ಓಣಿಯನ್ನು ದಾಟಿ ಹೋಗುತ್ತಿರಲಿಲ್ಲ.

ಆದರೆ ಹಡಗು ಹತ್ತಿದ ಚಿನ್ನ ಒಂದು ದೇಶದ ಬ್ಯಾಂಕುಗಳ ಬುಡದಿಂದ ಹೊರಟದ್ದು. ಚಿನ್ನ ಕರಗಿದಂತೆ ಸಾಲ ಬಿಗಿಯಾಗಬೇಕು, ಬಡ್ಡಿ ಏರಬೇಕು, ಬೆಲೆಗಳೂ ಕೂಲಿಗಳೂ ಇಳಿಯಬೇಕು. ಆಗ ರಫ್ತು ಅಗ್ಗವಾಗಿ ಚಿನ್ನ ಮರಳಿ ಬರಬೇಕು. ಪಠ್ಯಪುಸ್ತಕಗಳು ಇದನ್ನು ಯಂತ್ರದ ಹಾಗೆ ವರ್ಣಿಸುತ್ತವೆ. ವಾಸ್ತವದಲ್ಲಿ ಆ ಯಂತ್ರದ ಹಿಡಿಕೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿ ದರವಾಗಿತ್ತು. 1907ರ ಅಮೆರಿಕದ ಬ್ಯಾಂಕಿಂಗ್ ಬಿಕ್ಕಟ್ಟಿನಲ್ಲಿ ಲಂಡನ್ನಿನ ಚಿನ್ನ ಹೊರಹರಿಯತೊಡಗಿದಾಗ ಅದು ದರವನ್ನು ಶೇ 7ಕ್ಕೆ ಏರಿಸಿತು. ಹಲವು ದೇಶಗಳಿಂದ ಚಿನ್ನ ಲಂಡನ್ನಿಗೆ ಹರಿದು ಬಂತು. ಏಳರ ಬಡ್ಡಿ ಚಂದ್ರಲೋಕದಿಂದಲೂ ಚಿನ್ನ ಎಳೆದು ತರುತ್ತದೆ ಎಂಬ ಮಾತು ಅಲ್ಲಿನ ಹಣದ ಪೇಟೆಯಲ್ಲಿ ಚಾಲ್ತಿಯಲ್ಲಿತ್ತು. ಆ ಬಡ್ಡಿಯಿಂದ ಕೆಲಸ ಕಳೆದುಕೊಂಡವರು ಏನೆಂದರು ಎಂದು ಆಗ ಯಾರೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಅವರಲ್ಲಿ ಬಹುಮಂದಿಗೆ ಮತದಾನದ ಹಕ್ಕೇ ಇರಲಿಲ್ಲ. ಹಣವನ್ನು ಹೀಗೆ ಚಿನ್ನಕ್ಕೆ ಕಟ್ಟಿದ್ದ ಸುವರ್ಣ ಪ್ರಮಿತಿಯ ಗಟ್ಟಿತನದ ಗುಟ್ಟು ಚಿನ್ನಕ್ಕಿಂತ ಹೆಚ್ಚಾಗಿ ಇಲ್ಲಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲ ಮಹಾಯುದ್ಧದ ನಂತರ ಈ ಸ್ಥಿತಿ ಉಳಿಯಲಿಲ್ಲ. 1925ರಲ್ಲಿ, ವಿನ್‌ಸ್ಟನ್ ಚರ್ಚಿಲ್ ಹಣಕಾಸು ಸಚಿವರಾಗಿದ್ದಾಗ, ಬ್ರಿಟನ್ ಹಳೆಯ 4.86ರ ದರಕ್ಕೇ ಮರಳಿತು. ಯುದ್ಧಕಾಲದಲ್ಲಿ ಏರಿದ್ದ ಬ್ರಿಟಿಷ್ ಬೆಲೆಗಳು ಅಮೆರಿಕದ ಬೆಲೆಗಳ ಮಟ್ಟಕ್ಕೆ ಪೂರ್ತಿ ಇಳಿದಿರಲಿಲ್ಲವಾದ್ದರಿಂದ, ಇಂಗ್ಲೆಂಡಿನ ಕಲ್ಲಿದ್ದಲು ಮತ್ತು ಬಟ್ಟೆ ಹೊರಗಿನವರಿಗೆ ದುಬಾರಿಯಾದವು. ಕೂಲಿ ಇಳಿಸಲು ಹೊರಟಾಗ 1926ರ ಸಾರ್ವತ್ರಿಕ ಮುಷ್ಕರ ನಡೆಯಿತು. 1931ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಕ್ರೆಡಿಟಾನ್‌ಸ್ಟಾಲ್ಟ್ ಬ್ಯಾಂಕ್ ಕುಸಿಯಿತು, ಜುಲೈನಲ್ಲಿ ಜರ್ಮನಿಯ ಬ್ಯಾಂಕುಗಳು ಬಾಗಿಲು ಮುಚ್ಚಿದವು, ಬಳಿಕ ಹೂಡಿಕೆದಾರರ ಕಣ್ಣು ಲಂಡನ್ನಿನ ಮೇಲೆ ಬಿತ್ತು. ಆಗ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು ಶೇ 4.5ಕ್ಕೆ ಮಾತ್ರ ಏರಿಸಿತು. 25 ಲಕ್ಷಕ್ಕೂ ಹೆಚ್ಚು ಜನ ನಿರುದ್ಯೋಗಿಗಳಾಗಿದ್ದ, ಎಲ್ಲ ವಯಸ್ಕರಿಗೂ ಮತವಿದ್ದ ದೇಶದಲ್ಲಿ ಶೇ 7 ಎಂಬ ಮದ್ದನ್ನು ಕುಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ನ್ಯೂಯಾರ್ಕ್ ಮತ್ತು ಪ್ಯಾರಿಸ್ಸಿನಿಂದ ಮೊದಲು 5 ಕೋಟಿ, ನಂತರ 8 ಕೋಟಿ ಪೌಂಡ್ ಸಾಲ ತಂದರೂ ಅದು ಕೆಲವೇ ವಾರಗಳಲ್ಲಿ ಕರಗಿತು. ಸಂಬಳ ಕಡಿತದ ಸುದ್ದಿಗೆ ಸೆಪ್ಟೆಂಬರ್ 15ರಂದು ಸ್ಕಾಟ್ಲೆಂಡಿನ ಇನ್ವರ್‌ಗಾರ್ಡನ್ನಿನಲ್ಲಿ ನೌಕಾಪಡೆಯ ನಾವಿಕರೇ ಕೆಲಸ ನಿರಾಕರಿಸಿದರು. ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನವನ್ನು ಕೈಬಿಟ್ಟಿತು.

ಪೌಂಡಿಗೆ ಕಟ್ಟಿಹಾಕಿದ್ದ ನಮ್ಮ ರೂಪಾಯಿಯನ್ನು ಆಗಲೂ 1 ಷಿಲಿಂಗ್ 6 ಪೆನ್ಸ್ ದರದಲ್ಲೇ ಉಳಿಸಿಕೊಂಡರು. ಪೌಂಡಿನೊಡನೆ ರೂಪಾಯಿಯೂ ಜಾರಿದ್ದರಿಂದ ಇಲ್ಲಿ ಚಿನ್ನದ ಬೆಲೆ ಏರಿತು. ಬೆಳೆಯ ಬೆಲೆ ನೆಲಕಚ್ಚಿ ಕಂದಾಯ, ಸಾಲ ತೀರಿಸಲಾಗದ ರೈತರ ಮನೆಗಳಿಂದ ಒಡವೆಗಳು ಮಾರಾಟಕ್ಕೆ ಬಂದು, ಕರಗಿ, ಗಟ್ಟಿಗಳಾಗಿ ಲಂಡನ್ನಿನ ಹಡಗು ಹತ್ತಿದವು.

ಎರಡನೆಯ ವ್ಯವಸ್ಥೆಯನ್ನು 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿ ರೂಪಿಸಿದರು. ಚಿನ್ನ ಕೊಡುವ ಹೊಣೆ ಈಗ ಅಮೆರಿಕದ್ದು ಮಾತ್ರ, ಅದೂ ವಿದೇಶಿ ಸರ್ಕಾರಗಳಿಗೆ ಮತ್ತು ಕೇಂದ್ರ ಬ್ಯಾಂಕುಗಳಿಗೆ ಮಾತ್ರ, ಔನ್ಸಿಗೆ 35 ಡಾಲರಿನಂತೆ. ಉಳಿದ ದೇಶಗಳು ಡಾಲರಿನ ಎದುರು ತಮ್ಮ ದರವನ್ನು ಘೋಷಿಸಿ, ಮಾರುಕಟ್ಟೆಯಲ್ಲಿ ಡಾಲರ್ ಕೊಂಡೋ ಮಾರಿಯೋ ಶೇ 1ರ ಅಂತರದೊಳಗೆ ಅದನ್ನು ಕಾಯಬೇಕಿತ್ತು. 1931ರ ನೆನಪು ಹಸಿಯಾಗಿದ್ದುದರಿಂದ ಎರಡು ಕಿಂಡಿಗಳನ್ನು ಬಿಟ್ಟಿದ್ದರು: ತಾತ್ಕಾಲಿಕ ಕೊರತೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ, ಆಳವಾದ ಅಸಮತೋಲನಕ್ಕೆ ನಿಧಿಯ ಒಪ್ಪಿಗೆಯೊಂದಿಗೆ ದರ ಬದಲಾವಣೆ. 1966ರ ಜೂನ್‌ನಲ್ಲಿ ಭಾರತ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದ್ದು ಇದೇ ಎರಡನೆಯ ಕಿಂಡಿಯಿಂದ.

ಇಲ್ಲಿನ ಬಿರುಕನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಟ್ರಿಫಿನ್ 1960ರಲ್ಲೇ ತೋರಿಸಿದ್ದರು. ಲೋಕದ ವ್ಯಾಪಾರ ಬೆಳೆದಂತೆ ಎಲ್ಲರಿಗೂ ಹೆಚ್ಚು ಡಾಲರ್ ಬೇಕು. ಅಮೆರಿಕ ಹೊರಗೆ ಹಣ ಹರಿಸಿದರೆ ಮಾತ್ರ ಅದು ಸಿಗುತ್ತದೆ. ಹರಿದ ಡಾಲರುಗಳು ಒಂದು ದಿನ ಅದರ ಬಳಿಯಿರುವ ಚಿನ್ನವನ್ನು ಮೀರುತ್ತವೆ. ಹಾಗೆಯೇ ಆಯಿತು. 1949ರಲ್ಲಿ ಸುಮಾರು 2,400 ಕೋಟಿ ಡಾಲರ್ ಬೆಲೆಯಷ್ಟಿದ್ದ ಅಮೆರಿಕದ ಚಿನ್ನ 1971ರ ಹೊತ್ತಿಗೆ ಸುಮಾರು 1,000 ಕೋಟಿಗೆ ಇಳಿದಿತ್ತು. ವಿಯೆಟ್ನಾಂ ಯುದ್ಧದ ಖರ್ಚು ಮತ್ತು ಹಣದುಬ್ಬರ ಆ ದಿನವನ್ನು ಬೇಗ ತಂದವು. ಆದರೆ ಯುದ್ಧವೇ ಇಲ್ಲದಿದ್ದರೂ ಬಿರುಕು ಅಲ್ಲಿಯೇ ಇರುತ್ತಿತ್ತು.

ಕೊನೆಯ ಹಂತ ಹೇಗಿತ್ತೆಂಬುದು 1971ರ ಮೇ ತಿಂಗಳ ಜರ್ಮನಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಾರ್ಕಿನ ಬೆಲೆ ಏರಲಿದೆ ಎಂದು ಎಣಿಸಿದವರು ಡಾಲರುಗಳನ್ನು ತಂದು ಸುರಿದರು. ನಿಯಮದಂತೆ ಜರ್ಮನಿಯ ಕೇಂದ್ರ ಬ್ಯಾಂಕ್ ಬಂದಷ್ಟನ್ನೂ ಡಾಲರಿಗೆ ಸುಮಾರು 3.63 ಮಾರ್ಕ್ ಕೊಟ್ಟು ಕೊಳ್ಳಬೇಕಿತ್ತು. ಮೇ 4ರಂದು ಸುಮಾರು 100 ಕೋಟಿ ಡಾಲರ್ ಬಂತು. ಅದಕ್ಕೆ 363 ಕೋಟಿ ಮಾರ್ಕುಗಳನ್ನು ಹೊಸದಾಗಿ ಸೃಷ್ಟಿಸಬೇಕಾಯಿತು, ಎಂದರೆ ಅಮೆರಿಕದ ಹಣದುಬ್ಬರವನ್ನು ತನ್ನದಾಗಿ ಮಾಡಿಕೊಳ್ಳಬೇಕಾಯಿತು. ಮೇ 5ರಂದು ಇನ್ನೂ 100 ಕೋಟಿ ಬರಲು ಒಂದು ಗಂಟೆಯೂ ಹಿಡಿಯಲಿಲ್ಲ. ಬ್ಯಾಂಕ್ ಕೊಳ್ಳುವುದನ್ನೇ ನಿಲ್ಲಿಸಿತು, ಮುಂದಿನ ವಾರ ದರವನ್ನು ಮಾರುಕಟ್ಟೆಗೇ ಬಿಟ್ಟಾಗ ಮಾರ್ಕ್ ಮುಕ್ತವಾಗಿ ತೇಲಿತು. ಹೊರನೋಟಕ್ಕೆ ಇದು 1931ಕ್ಕೆ ತಿರುಗುಮುರುಗು: ಲಂಡನ್ ಇದ್ದದ್ದನ್ನು ಕಳೆದುಕೊಂಡು ಸೋತಿತು, ಜರ್ಮನಿ ಬೇಡವಾದದ್ದನ್ನು ತುಂಬಿಕೊಂಡು ಸಾಕೆಂದಿತು. ಒಳಗೆ ಎರಡೂ ಒಂದೇ. ಹೊರಗಿನ ದರವನ್ನು ಕಾಯಲು ಮನೆಯೊಳಗಿನ ಬೆಲೆ, ಬಡ್ಡಿ, ಉದ್ಯೋಗಗಳ ಮೇಲಿನ ಹಿಡಿತವನ್ನು ಬಿಟ್ಟುಕೊಡಲು ಎರಡೂ ದೇಶ ಒಪ್ಪಲಿಲ್ಲ.

ಆಗಸ್ಟ್ 15, 1971ರ ಭಾನುವಾರ ರಾತ್ರಿ ಅಧ್ಯಕ್ಷ ನಿಕ್ಸನ್ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದರು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಹೊಸ ದರಗಳನ್ನು ಒಪ್ಪಿ ಚಿನ್ನಕ್ಕೆ 38 ಡಾಲರ್ ಎಂದು ಬರೆದುಕೊಂಡರಾದರೂ, ಆ ಬೆಲೆಗೆ ಚಿನ್ನ ಕೊಡುವವರು ಯಾರೂ ಇರಲಿಲ್ಲ. 1973ರ ಮಾರ್ಚ್ ವೇಳೆಗೆ ಪ್ರಮುಖ ಹಣಗಳೆಲ್ಲ ತೇಲುತ್ತಿದ್ದವು. ಭಾರತ 1971ರ ಡಿಸೆಂಬರಿನಲ್ಲೇ ರೂಪಾಯಿಯನ್ನು ಮತ್ತೆ ಪೌಂಡಿಗೇ ಕಟ್ಟಿತು. 1972ರ ಜೂನ್‌ನಲ್ಲಿ ಪೌಂಡ್ ತಾನೇ ತೇಲಿ ಇಳಿಯತೊಡಗಿದಾಗ ರೂಪಾಯಿಯೂ ಅದರ ಜೊತೆಗೆ ಜಾರಿತು, ಮತ್ತು 1975ರ ಸೆಪ್ಟೆಂಬರ್‌ನಲ್ಲಿ ಹಲವು ದೇಶಗಳ ಹಣಗಳ ಗುಚ್ಛಕ್ಕೆ ಜೋಡಿಸುವವರೆಗೂ ಆ ಗಂಟನ್ನು ಬಿಚ್ಚಲಿಲ್ಲ.